ನನ್ನ ಹಾಡಿನ ಬೈಗುಳ ಕದ್ದವರು ಯಾರು?

ನಿನ್ನೆ ರಾತ್ರಿ ಮೈಸೂರಿನಿಂದ ವಾಪಸ್ ಬರುತ್ತಿದ್ದೆ. ಕಾರಲ್ಲಿ ನಾನೊಬ್ಬನೇ. ಚನ್ನಪಟ್ಟಣ ದಾಟಿದ ಮೇಲೆ ಕಣ್ಣು ಎಳೆಯತೊಡಗಿತು, ಅಮೆರಿಕದ ರ‍್ಯಾಪ್ ಹಾಡುಗಾರ ಎಮಿನೆಮ್‌ನನ್ನು ಹಾಕಿದೆ. ಕಾಲೇಜಿನಿಂದ ನನಗೆ ಅವನ ಹುಚ್ಚು, ನಿಮಗೆ ಗೊತ್ತೇ ಇದೆ. 'ದಿ ರಿಯಲ್ ಸ್ಲಿಮ್ ಶೇಡಿ' ಶುರುವಾಯಿತು. ಜೊತೆಗೆ ನಾನೂ ಕಿರುಚುತ್ತಿದ್ದೆ. ಬೈಗುಳ ಬರುವ ಜಾಗದಲ್ಲಿ ನನ್ನ ದನಿ ಮಾತ್ರ ಕೇಳಿಸಿತು. ಅವನು ಗಪ್‌ಚುಪ್. ಬೀಟ್ ಹೋಗುತ್ತಲೇ ಇದೆ, ಪದ ಮಾತ್ರ ಮಾಯ.

ಏಳೆಂಟು ವರ್ಷದಿಂದ ಇರುವ ಪ್ಲೇಲಿಸ್ಟ್ ಅದು. ಒಂದೊಂದು ಹಾಡನ್ನೂ ನಾನೇ ಹುಡುಕಿ ಸೇರಿಸಿದ್ದು. ನನ್ನ ಹಾಡನ್ನು ಬದಲಿಸಿದವರು ಯಾರು?

ಮನೆಗೆ ಬಂದವನೇ ಮಗನನ್ನು ಹಿಡಿದೆ. "ಏನೋ, ನನ್ನ ಫೋನಲ್ಲಿ ಏನು ಒತ್ತಿದೆ?" "ಅಪ್ಪಾ, ನಾನು ಮುಟ್ಟೇ ಇಲ್ಲ." ನೋಡಿದರೆ ಎಕ್ಸ್‌ಪ್ಲಿಸಿಟ್, ಅಂದರೆ ಬೈಗುಳ ಇರುವ ಹಾಡುಗಳನ್ನು ತಡೆಯುವ ಸೆಟ್ಟಿಂಗ್ ಆನ್ ಆಗಿಯೇ ಇರಲಿಲ್ಲ. ಆನ್ ಆಗಿದ್ದರೆ ನನ್ನ ಆ್ಯಪ್‌ನಲ್ಲಿ ಅಂಥ ಹಾಡುಗಳೆಲ್ಲ ಮಸುಕಾಗಿ, ಪ್ಲೇ ಆಗುವುದೇ ಇಲ್ಲ. ಇಲ್ಲಿ ಉಳಿದ ಹಾಡುಗಳು ಚೆನ್ನಾಗಿಯೇ ಬೈಯುತ್ತಿದ್ದವು. ಪಾಪ, ಮಗನಿಗೆ ಸುಮ್ನೆ ಬೈದೆ. ಅದೂ ಎಡಿಟ್ ಮಾಡದೆ.

ಆಮೇಲೆ ಹಾಡಿನ ಹೆಸರಿನ ಪಕ್ಕ ಕಣ್ಣು ಹೋಯಿತು. ಎಕ್ಸ್‌ಪ್ಲಿಸಿಟ್ ಎಂದು ಹೇಳುವ ಪುಟ್ಟ E ಗುರುತೇ ಇಲ್ಲ. ಅದೇ ಆಲ್ಬಮ್, ಅದೇ 2000ನೇ ಇಸವಿ. ಹಾಡುಗಳ ಪಟ್ಟಿ ತೆಗೆದೆ. 'ಕಿಮ್' ಇರಬೇಕಾದ ಜಾಗದಲ್ಲಿ 'ದಿ ಕಿಡ್ಸ್' ಕೂತಿದೆ. ಅಲ್ಲಿಗೆ ಕಳ್ಳ ಸಿಕ್ಕಿದ. ಆ ಆಲ್ಬಮ್‌ನ ಕ್ಲೀನ್, ಅಂದರೆ ಬೈಗುಳ ತೆಗೆದ ಆವೃತ್ತಿಯಲ್ಲಿ 'ಕಿಮ್' ಹಾಡನ್ನೇ ತೆಗೆದು ಬೇರೆ ಹಾಡು ಹಾಕಿದ್ದರು. 'ಕಿಮ್'ನಲ್ಲಿ ಯಾವ ಪದ ಅಳಿಸಿದರೂ ಪ್ರಯೋಜನ ಇರಲಿಲ್ಲ ಬಿಡಿ.

ಆಗಿರುವುದು ಇಷ್ಟು. ಕ್ಲೀನ್ ಹಾಡು ಎಂದರೆ ಆ್ಯಪ್ ಆ ಕ್ಷಣಕ್ಕೆ ಬಾಯಿ ಮುಚ್ಚಿಸುವುದಲ್ಲ. ಹಾಡು ಹೊರತರುವ ಕಂಪನಿಯೇ ಬೇರೆಯಾಗಿ ತಯಾರಿಸಿ ಕೊಡುವ ಇನ್ನೊಂದು ಫೈಲ್. ಅದಕ್ಕೆ ಬೇರೆಯದೇ ISRC ಇರುತ್ತದೆ. ಪ್ರತಿ ರೆಕಾರ್ಡಿಂಗ್‌ಗೂ ಕೊಡುವ 12 ಅಕ್ಷರ-ಅಂಕಿಗಳ ನಂಬರ್ ಅದು. ನಮ್ಮ ಪ್ಲೇಲಿಸ್ಟ್‌ನಲ್ಲಿ ಹಾಡು ಇರುವುದಿಲ್ಲ, ಇಂಥ ಹಾಡು ಎನ್ನುವ ಚೀಟಿ ಇರುತ್ತದೆ. ಕಂಪನಿ ಹಳೆಯ ಆಲ್ಬಮ್ ತೆಗೆದು ಹೊಸದಾಗಿ ಹಾಕಿದರೆ, ಅಥವಾ ಒಂದು ದೇಶದಲ್ಲಿ ಹಕ್ಕು ಮುಗಿದರೆ, ಚೀಟಿ ತೋರಿಸುವ ಜಾಗ ಖಾಲಿ. ಆಗ ಆ್ಯಪ್ ಅದೇ ಹಾಡಿನ ಇನ್ನೊಂದು ಪ್ರತಿ ಹುಡುಕಿ ಕೊಡುತ್ತದೆ. ಉಪಕಾರವೇ, ಇಲ್ಲ ಅನ್ನಲ್ಲ. ಆದರೆ ಎರಡರ ಹೆಸರೂ ಒಂದೇ, ಹಾಡುಗಾರನೂ ಒಬ್ಬನೇ, ಎಷ್ಟೋ ಸಲ ಉದ್ದವೂ ಒಂದೇ. ಪದ ಅಳಿಸಿದರೆ ಹಾಡೇನು ಗಿಡ್ಡ ಆಗುತ್ತಾ? ಕಣ್ಣಿಗೆ ಕಾಣುವ ವ್ಯತ್ಯಾಸ ಇರುವುದು ಎಕ್ಸ್‌ಪ್ಲಿಸಿಟ್ ಹೌದೋ ಅಲ್ಲವೋ ಎಂಬ ಒಂದು ಗುರುತಿನಲ್ಲಿ. ಅದನ್ನು ನೋಡದೆ ಆರಿಸಿದರೆ ನನ್ನ ಗತಿಯೇ. ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಪ್ಲೇಲಿಸ್ಟ್ ಸಾಗಿಸಿದಾಗಲೂ ಹೀಗೇ ಆಗುವುದುಂಟು.

ಬದಲಿಸಲಿ. ಬದಲಿಸಿದ್ದೀವಿ ಅಂತ ಒಂದು ಮಾತು ಹೇಳಬಾರದಾ? ತಿಂಗಳ ಬಿಲ್ ಬಂದರೆ ಮೂರು ಸಲ ನೆನಪಿಸುತ್ತಾರೆ. ಆ ಬಿಲ್ ಯಾವತ್ತೂ ಎಡಿಟ್ ಆಗಿ ಬಂದಿಲ್ಲ.

ಅಷ್ಟಕ್ಕೂ ಈ ಜೋಡಿ ಆವೃತ್ತಿ ಅಮೆರಿಕದ ಅಂಗಡಿ ವ್ಯವಹಾರ. 1985ರಲ್ಲಿ ಅಲ್ಲಿನ ಸೆನೆಟ್‌ನಲ್ಲಿ ಹಾಡಿನ ಸಾಹಿತ್ಯದ ಬಗ್ಗೆ ದೊಡ್ಡ ವಿಚಾರಣೆ ನಡೆಯಿತು. ಆಮೇಲೆ 'ಪೇರೆಂಟಲ್ ಅಡ್ವೈಸರಿ' ಎಂಬ ಕಪ್ಪು-ಬಿಳಿ ಚೀಟಿ ಬಂತು. ಆ ಚೀಟಿ ಇರುವ ಸಿಡಿ ಮಾರುವುದಿಲ್ಲ ಎಂದು ವಾಲ್‌ಮಾರ್ಟ್ ಹಟ ಹಿಡಿಯಿತು. ಅಷ್ಟು ದೊಡ್ಡ ಅಂಗಡಿಯನ್ನು ಬಿಡಲಾಗುತ್ತದಾ? ಚೀಟಿ ಇಲ್ಲದ ಇನ್ನೊಂದು ಸಿಡಿ ಬೇಕಾಯಿತು. ಅಲ್ಲಿನ ಗಿರಾಕಿಗೆ ಮಾಡಿದ ಸರಕು ರಾಮನಗರದ ಹತ್ತಿರ ನನ್ನ ಕಾರಿಗೆ ಬಂದು ಬಿತ್ತು.

ಮಕ್ಕಳಿರುವ ಮನೆಗೆ ಕ್ಲೀನ್ ಬೇಡವಾ ಅಂತ ಕೇಳುತ್ತೀರಿ. ಬೇಕು ಮಾರಾಯ್ರೇ. ಅಮ್ಮ ಕಾರಲ್ಲಿ ಕೂತಾಗ ನಾನೂ ಕ್ಲೀನ್ ಹಾಡೇ ಹಾಕುತ್ತೇನೆ. ಒಂದು ಸಲ ಮರೆತಿದ್ದೆ. "ಅದೇನೋ ಒಂದೇ ಮಾತು ಹೇಳ್ತಾನೇ ಇದಾನಲ್ಲೋ, ಜಪ ಮಾಡ್ತಿದಾನಾ?" ಅಂದಳು. ಸೀಲೋ ಗ್ರೀನ್ 2010ರಲ್ಲಿ ಬೈಗುಳದ ಜಾಗಕ್ಕೆ 'ಫರ್ಗೆಟ್ ಯೂ' ಎಂದು ಹಾಡಿದ ಆವೃತ್ತಿ ನನಗೆ ಇಷ್ಟ ಕೂಡ. ಅದು ಹಾಡಿನಂತೆಯೇ ಕೇಳುತ್ತದೆ, ಹಲ್ಲು ಉದುರಿದ ಬಾಯಿಯಂತಲ್ಲ. ಆದರೆ ಅದನ್ನು ಆರಿಸಿದವನು ನಾನು. ಜಗಳ ಇರುವುದು ಅಲ್ಲೇ.

ಈಗ ಕೂತು ಪ್ಲೇಲಿಸ್ಟ್ ಶೋಧಿಸುತ್ತಿದ್ದೇನೆ. E ಇಲ್ಲದ್ದೆಲ್ಲ ಕ್ಲೀನ್ ಅಂತಲೂ ಅಲ್ಲ. ಕೆಲವು ಹಳೆಯ ಹಾಡುಗಳಿಗೆ ಗುರುತೇ ಹಾಕಿಲ್ಲ, ಕೇಳಿಯೇ ನೋಡಬೇಕು. 63 ಹಾಡು ಮುಗಿಯಿತು, ನಾಲ್ಕು ಕಳ್ಳರು ಸಿಕ್ಕರು. ಆಲ್ಬಮ್‌ನ E ಇರುವ ಪ್ರತಿ ಹುಡುಕಿ ಸೇರಿಸುವುದು, ಹಳೆಯದನ್ನು ಅಳಿಸುವುದು. ಒಳಗಿನಿಂದ ಹೆಂಡತಿ ಕೂಗುತ್ತಿದ್ದಾಳೆ, "ರೀ, ರಾತ್ರಿ ಹನ್ನೊಂದು ಗಂಟೆ, ಆ ಬೈಗುಳ ಸ್ವಲ್ಪ ನಿಲ್ಲಿಸ್ತೀರಾ?"