ಸಿಒಪಿಡಿ, ಕ್ರಿಯೇಟಿನ್ ಮತ್ತು ಕಾಲಿನ ಬಲ: ತಕ್ಕಡಿಯನ್ನು ನಂಬಬೇಡಿ

ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರನ್ನು ಮೆಟ್ಟಿಲ ಅರ್ಧದಲ್ಲೇ ನಿಲ್ಲಿಸುವುದು ಉಸಿರೊಂದೇ ಅಲ್ಲ, ತೊಡೆಯೂ ಹೌದು. ಓಡಾಟ ಕಡಿಮೆಯಾಗಿ, ಪದೇಪದೇ ಸ್ಟೀರಾಯ್ಡ್ ತೆಗೆದುಕೊಂಡು, ತೊಡೆಯ ಮುಂಭಾಗದ ಸ್ನಾಯು ಸೊರಗಿರುತ್ತದೆ. ಹಾಗಿದ್ದರೆ ಜಿಮ್‌ನವರು ಬಳಸುವ ಕ್ರಿಯೇಟಿನ್ ಪುಡಿಯನ್ನು ರಿಹ್ಯಾಬ್ ಎಂಬ ವ್ಯಾಯಾಮ ಚಿಕಿತ್ಸೆಯ ಜೊತೆಗೆ ಕೊಟ್ಟರೆ ಹೇಗೆ? ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಇದಕ್ಕೆ ಸಿಕ್ಕಿರುವ ಉತ್ತರವನ್ನು ಬಹಳ ಜನ ಅರ್ಧ ಮಾತ್ರ ಓದುತ್ತಾರೆ.

ಆ ಅರ್ಧ ಬಂದಿದ್ದು 2005ರಲ್ಲಿ ಥೊರಾಕ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗದಿಂದ. ಅದರಲ್ಲಿದ್ದವರು 38 ರೋಗಿಗಳು. ಒಂದು ಗುಂಪಿಗೆ 5.7 ಗ್ರಾಂ ಕ್ರಿಯೇಟಿನ್ ಅನ್ನು ಗ್ಲೂಕೋಸ್ ಜೊತೆ ಬೆರೆಸಿ ದಿನಕ್ಕೆ ಮೂರು ಸಲ, ಎರಡು ವಾರ ಕೊಟ್ಟರು. ಆಮೇಲೆ ವ್ಯಾಯಾಮದ ಅವಧಿಯುದ್ದಕ್ಕೂ ದಿನಕ್ಕೆ ಒಂದು ಸಲ. ಇನ್ನೊಂದು ಗುಂಪಿಗೆ ಸಕ್ಕರೆಯಂಥ ಪುಡಿ ಮಾತ್ರ. ಕ್ರಿಯೇಟಿನ್ ಪಡೆದವರಲ್ಲಿ ಕೊಬ್ಬು ಬಿಟ್ಟು ಉಳಿದ ದೇಹತೂಕ ಹೆಚ್ಚಿತು, ಕೈಕಾಲು ಸ್ನಾಯುಗಳ ಬಲ ಮತ್ತು ತಾಳಿಕೆಯೂ ಸುಧಾರಿಸಿತು. ಆದರೆ ನಡಿಗೆಯ ಪರೀಕ್ಷೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಈ ಕೊನೆಯ ವಾಕ್ಯವೇ ಹಂಚಿಕೊಳ್ಳುವಾಗ ಬಿಟ್ಟುಹೋಗುವುದು.

ಮುಂದೆ 2008ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 100 ಜನರ ಮೇಲೆ ನಡೆದ ಇದೇ ವಿಷಯದ ಪ್ರಯೋಗ ಪ್ರಕಟವಾಯಿತು. ಮೊದಲ ಐದು ದಿನ ದಿನಕ್ಕೆ ಸುಮಾರು 22 ಗ್ರಾಂ, ನಂತರ ನಾಲ್ಕು ಗ್ರಾಂಗಿಂತ ಸ್ವಲ್ಪ ಕಡಿಮೆ, ಜೊತೆಗೆ ಏಳು ವಾರದ ರಿಹ್ಯಾಬ್. ಸ್ನಾಯುವಿನ ಚೂರು ತೆಗೆದು ನೋಡಿದಾಗ ಕ್ರಿಯೇಟಿನ್ ಒಳಗೆ ಸೇರಿರುವುದು ಖಚಿತವಾಯಿತು. ವ್ಯಾಯಾಮದಿಂದ ಎರಡೂ ಗುಂಪು ಸುಧಾರಿಸಿದವು, ಆದರೆ ಪುಡಿಯಿಂದ ಹೆಚ್ಚುವರಿ ಲಾಭ ಸಾಬೀತಾಗಲಿಲ್ಲ. ಕ್ರಿಯೇಟಿನ್ ಸರಿಯಾಗಿ ತೆಗೆದುಕೊಂಡಿರಲಿಕ್ಕಿಲ್ಲ, ದೇಹ ಹೀರಿರಲಿಕ್ಕಿಲ್ಲ ಎಂಬ ಸಬೂಬಿಗೆ ಅಲ್ಲಿ ಜಾಗವಿಲ್ಲ. ಹಾಗಾಗಿ ನಾನು ಹೆಚ್ಚು ತೂಕ ಕೊಡುವುದು ಈ ಪ್ರಯೋಗಕ್ಕೆ.

ಸ್ನಾಯುವಿಗೆ ಸೇರಿದ್ದು ನಡಿಗೆಯಲ್ಲಿ ಯಾಕೆ ಕಾಣುವುದಿಲ್ಲ? ಸ್ನಾಯುವಿನೊಳಗೆ ಕ್ರಿಯೇಟಿನ್ ಬಹುಪಾಲು ಕ್ರಿಯೇಟಿನ್ ಫಾಸ್ಫೇಟ್ ಆಗಿ ಕೂಡಿರುತ್ತದೆ, ಅದು ಕೆಲವೇ ಸೆಕೆಂಡುಗಳ ತುರ್ತು ಇಂಧನ. ಕುರ್ಚಿಯಿಂದ ಏಳುವಾಗ, ಭಾರವನ್ನು ಒಮ್ಮೆ ತಳ್ಳುವಾಗ ಅದರ ಉಪಯೋಗ. ಹಲವು ನಿಮಿಷ ನಡೆಯುವುದಕ್ಕೆ ಬೇಕಾದದ್ದು ಆಮ್ಲಜನಕ. ಸಿಒಪಿಡಿಯಲ್ಲಿ ಜೋರಾಗಿ ನಡೆಯುತ್ತಿದ್ದಂತೆ ಒಳಗೆ ಹೋದ ಗಾಳಿ ಪೂರ್ತಿ ಹೊರಬರದೆ ಎದೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಕಾಲಿಗೆ ಶಕ್ತಿ ಇದ್ದರೂ ಏದುಸಿರು ಅವರನ್ನು ಮೊದಲೇ ನಿಲ್ಲಿಸುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ರೋಗಿಯ ತೂಕ 60 ಕಿಲೋ ಎಂದುಕೊಳ್ಳಿ. ಪ್ರಯೋಗಗಳಲ್ಲಿ ಬಳಸಿದ ಒಂದು ಪ್ರಮಾಣ ಹೀಗಿದೆ: ಮೊದಲ ವಾರ ಕಿಲೋಗೆ 0.3 ಗ್ರಾಂ, ಅಂದರೆ ದಿನಕ್ಕೆ 18 ಗ್ರಾಂ. ನಂತರ ಕಿಲೋಗೆ 0.07 ಗ್ರಾಂ, ಅಂದರೆ 4.2 ಗ್ರಾಂ. ಆ 18 ಗ್ರಾಂ ಅನ್ನು ಒಂದೇ ಸಲ ಕುಡಿದರೆ ಹೊಟ್ಟೆ ಕೆಟ್ಟು ಭೇದಿಯಾಗಬಹುದು. ನಾಲ್ಕು ಪಾಲು ಮಾಡಿದರೆ ಒಂದು ಸಲಕ್ಕೆ ನಾಲ್ಕೂವರೆ ಗ್ರಾಂ ಆಗುತ್ತದೆ.

ಶುರು ಮಾಡುವ ಮುನ್ನ ಕೈ ಊರದೆ, ತೋಳುಗಳನ್ನು ಎದೆಗೆ ಕಟ್ಟಿಕೊಂಡು, ಕುರ್ಚಿಯಿಂದ ಐದು ಸಲ ಎದ್ದು ಕೂರಲು ಎಷ್ಟು ಸೆಕೆಂಡ್ ಬೇಕು ಎಂದು ಅಳೆಯಿರಿ. 18 ಸೆಕೆಂಡ್ ಬಂತು ಅನ್ನಿ. ವಾರದ ನಂತರ ತೂಕ 61 ಕಿಲೋ, ಕುರ್ಚಿ ಪರೀಕ್ಷೆ 17.8 ಸೆಕೆಂಡ್. ಏರಿದ ಆ ಒಂದು ಕಿಲೋ ಬಲವಲ್ಲ, ಕ್ರಿಯೇಟಿನ್ ಸ್ನಾಯುವಿನೊಳಗೆ ಎಳೆದುಕೊಂಡ ನೀರು. ಈ ಪರೀಕ್ಷೆಯಲ್ಲಿ ಸುಮಾರು 1.7 ಸೆಕೆಂಡ್ ಇಳಿದರೆ ಮಾತ್ರ ಅರ್ಥಪೂರ್ಣ ಸುಧಾರಣೆ ಎನ್ನುತ್ತಾರೆ. ಎಂಟನೇ ವಾರಕ್ಕೆ 15.9ಕ್ಕೆ ಇಳಿದರೆ ಕಾಲು ನಿಜಕ್ಕೂ ಬಲವಾಗಿದೆ. ಆಗಲೂ ಅದನ್ನು ಪುಡಿಯ ಲೆಕ್ಕಕ್ಕೆ ಬರೆಯುವ ಹಾಗಿಲ್ಲ, ಏಕೆಂದರೆ ಬರೀ ವ್ಯಾಯಾಮದಿಂದಲೂ ಅಷ್ಟು ಸುಧಾರಣೆ ಬರಬಹುದು.

ಆದ್ದರಿಂದ ಪುಡಿಗಿಂತ ಮೊದಲು ಭಾರವನ್ನು ನೋಡಿ ಎನ್ನುತ್ತೇನೆ. ಒಮ್ಮೆ ಮಾತ್ರ ಎತ್ತಬಲ್ಲ ಗರಿಷ್ಠ ಭಾರದ 60ರಿಂದ 70 ಶೇಕಡಾ ಇಟ್ಟು, 8ರಿಂದ 12 ಸಲ ಕಾಲು ಚಾಚುವುದು ಒಂದು ಸೆಟ್. ಹೀಗೆ ಒಂದರಿಂದ ಮೂರು ಸೆಟ್. ಸತತ ಎರಡು ಅಭ್ಯಾಸದಲ್ಲಿ ನಿಗದಿಗಿಂತ ಒಂದೆರಡು ಸಲ ಹೆಚ್ಚು ಮಾಡಲು ಆದರೆ ಭಾರ ಏರಿಸಬೇಕು. ಎಂಟು ವಾರವೂ ಅದೇ ಒಂದು ಕಿಲೋ ಮರಳಿನ ಪಟ್ಟಿ ಕಟ್ಟಿಕೊಂಡು ಕಾಲಾಡಿಸಿದರೆ ಯಾವ ಪುಡಿಯೂ ಬಲ ತರುವುದಿಲ್ಲ.

ಪುಡಿ ತೆಗೆದುಕೊಳ್ಳುತ್ತಿದ್ದರೆ ಎರಡು ವಿಷಯ ವೈದ್ಯರಿಗೆ ಗೊತ್ತಿರಲೇಬೇಕು. ಒಂದು, ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನ್‌ನಿಂದಲೇ ಉಂಟಾಗುವ ಕ್ರಿಯಾಟಿನಿನ್ ಎಂಬ ತ್ಯಾಜ್ಯ ಸ್ವಲ್ಪ ಏರಿ, ಮೂತ್ರಪಿಂಡ ಕೆಟ್ಟಂತೆ ವರದಿ ತೋರಿಸಬಹುದು. ಅನುಮಾನವಿದ್ದರೆ ಮೂತ್ರಪಿಂಡದ ಕೆಲಸ ತಿಳಿಸುವ ಇನ್ನೊಂದು ರಕ್ತಪರೀಕ್ಷೆಯಾದ ಸಿಸ್ಟಾಟಿನ್ ಸಿ ಮಾಡಿಸಿ ನೋಡುತ್ತಾರೆ. ಮೂತ್ರಪಿಂಡದ ಕಾಯಿಲೆ ಮೊದಲೇ ಇರುವವರು ವೈದ್ಯರನ್ನು ಕೇಳದೆ ಶುರು ಮಾಡಲೇಬಾರದು. ಇನ್ನೊಂದು, ಶ್ವಾಸಕೋಶದ ಕಾಯಿಲೆಯಿಂದ ಹೃದಯದ ಬಲಭಾಗ ಸೋತವರಲ್ಲಿ ಏರಿದ ತೂಕ ಬಾವಿನದೂ ಆಗಿರಬಹುದು. ಪಾದದ ಗಂಟಿನ ಹತ್ತಿರ ಬೆರಳಿನಿಂದ ಐದಾರು ಸೆಕೆಂಡ್ ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ ಆ ತೂಕ ಸ್ನಾಯುವಿನದಲ್ಲ. ಪುಡಿ ನಿಲ್ಲಿಸಿ ಅದೇ ದಿನ ವೈದ್ಯರಿಗೆ ತೋರಿಸಿ.