ನೀರು ಕುಡೀರಿ, ಪಾಸ್‌ವರ್ಡ್ ಬರ್ಕೊಳ್ರಿ

ನಿನ್ನೆಯೂ ಮಗಳ ಆನ್‌ಲೈನ್ ಕ್ಲಾಸು ನಡುವೆಯೇ ನಿಂತುಹೋಯಿತು. ಕಲಬುರಗಿಯ ಬಿಸಿಲಿಗೆ ತಲೆ ಮೊದಲೇ ಕಾದಿತ್ತು. ಸಿಟ್ಟಿಗೆ ಬ್ರೌಸರ್‌ನಲ್ಲಿ `192.168.1.1` ಹೊಡೆದು ರೂಟರ್ ಒಳಗೆ ಹೋದೆ. (ನಿಮ್ಮದು ಬೇರೆ ಇರಬಹುದು, ಡಬ್ಬಿಯ ಕೆಳಗಿನ ಸ್ಟಿಕರ್ ನೋಡಿ.) `Connected Devices` ತೆರೆದರೆ ಮನೆಯಲ್ಲಿರುವ ಜನಕ್ಕಿಂತ ಫೋನುಗಳೇ ಜಾಸ್ತಿ!

ಮೊದಲು ಹೆದರಿಸಿದ್ದು `ESP_4F21A0`. ಯಾವುದೋ ಗೂಢಚಾರ ಸಂಸ್ಥೆ ಅನ್ನಿಸುತ್ತೆ, ಅಲ್ವಾ? ಮನೆಯ ಸಾಮಾನುಗಳನ್ನು ಒಂದೊಂದಾಗಿ ಆರಿಸಿ ಪಟ್ಟಿಯನ್ನು ರಿಫ್ರೆಶ್ ಮಾಡುತ್ತಾ ಹೋದೆ. ಕೆಲವು ರೂಟರ್‌ಗಳು ಹೋದವರ ಹೆಸರನ್ನೂ ಸ್ವಲ್ಪ ಹೊತ್ತು ಇಟ್ಟುಕೊಂಡಿರುತ್ತವೆ, ಹಾಗಾಗಿ ಸ್ವಲ್ಪ ಕಾಯಬೇಕು. ಕೊನೆಗೆ ಗೂಢಚಾರ ಸಿಕ್ಕಿದ, ದೇವರ ಮನೆಯ ಸ್ಮಾರ್ಟ್ ಬಲ್ಬು.

ಇನ್ನೊಂದರ ಹೆಸರು `Dont-Touch`. ಮುಟ್ಟಬೇಡ ಅಂತೆ, ನಮ್ಮನೆ ನೆಟ್ಟಲ್ಲಿ ಕೂತು! ನೆಟ್ಟಿಗೆ ಸೇರುವ ಪ್ರತಿ ಸಾಮಾನಿಗೂ ಮ್ಯಾಕ್ ವಿಳಾಸ ಅಂತ ಒಂದು ಗುರುತಿನ ಸಂಖ್ಯೆ ಇರುತ್ತದೆ, ಇದರದು `DA` ಅಂತ ಶುರು. ಎರಡನೇ ಅಕ್ಷರ 2, 6, A, E ಇವುಗಳಲ್ಲಿ ಒಂದಾಗಿದ್ದರೆ ಸಾಮಾನ್ಯವಾಗಿ ಅದು ಫೋನು ತಾನೇ ಹುಟ್ಟಿಸಿಕೊಂಡ ಸುಳ್ಳು ವಿಳಾಸ. ಅದರಿಂದ ಕಂಪನಿ ಯಾವುದೆಂದು ಹುಡುಕಿ ಪ್ರಯೋಜನವಿಲ್ಲ. ಬ್ಲಾಕ್ ಒತ್ತಿದೆ. ಇವತ್ತು ಸಂಜೆ ನೋಡಿದರೆ `Dont-Touch` ಮತ್ತೆ ಹಾಜರು, ವಿಳಾಸ ಮಾತ್ರ ಬೇರೆ. ಪುಣ್ಯಾತ್ಮ ಫೋನಿನ ಸೆಟ್ಟಿಂಗ್‌ನಲ್ಲಿ ಸುಳ್ಳು ವಿಳಾಸ ಬಿಟ್ಟು ನಿಜವಾದದ್ದಕ್ಕೆ ಬದಲಿಸಿದ್ದ, ಅಷ್ಟೇ. ಬ್ಲಾಕ್ ತಡೆಯುವುದು ವಿಳಾಸವನ್ನು, ಪಾಸ್‌ವರ್ಡ್ ಗೊತ್ತಿರುವ ಮನುಷ್ಯನನ್ನಲ್ಲ.

ಹಾಗಾದರೆ ಪಾಸ್‌ವರ್ಡ್ ಕೊಟ್ಟವರು ಯಾರು? ನಮ್ಮ ಮಾವನವರು. ಬಾಗಿಲಿಗೆ ಬಂದವರಿಗೆ ತಂಬಿಗೆ ನೀರು, ಹಿಂದೆಯೇ ಪಾಸ್‌ವರ್ಡ್. ಕೂಲರ್ ರಿಪೇರಿಯವನಿಗೆ ಕೊಟ್ಟರು, ಹಾಲಿನವನಿಗೆ ಕೊಟ್ಟರು, ವಿಳಾಸ ಕೇಳಲು ನಿಂತ ಹುಡುಗನನ್ನು ಒಳಗೆ ಕರೆದು ಕೂರಿಸಿ, ಕನ್ನಡಕ ಹುಡುಕಿ, ಒಂದೊಂದೇ ಅಕ್ಷರ ಓದಿ, ಕ್ಯಾಪಿಟಲ್ ಯಾವುದು ಅಂತಲೂ ಹೇಳಿ ಕೊಟ್ಟರು. ಕೇಳಿದರೆ, "ಮನಿಗಿ ಬಂದೋರಿಗಿ ಇಲ್ಲ ಅನ್ಲಿಕ್ಕ ಆಗ್ತದೇನವಾ?" ಅಂದರು. ಮೊದಲೆಲ್ಲ ಬಂದವರು ಇವರ ಜೊತೆ ಮಳೆ, ತೊಗರಿ ರೇಟು ಅಂತ ತಾಸುಗಟ್ಟಲೆ ಕೂತು ಮಾತಾಡುತ್ತಿದ್ದರು. ಈಗ ಪಾಸ್‌ವರ್ಡ್ ಹಾಕಿಕೊಂಡು ತಲೆ ತಗ್ಗಿಸುತ್ತಾರೆ. ಅವರು ಕೊಡೋದು ಬಹುಶಃ ಮಾತಿಗೇ ಏನೋ.

ಕೊನೆಗೆ ಪಾಸ್‌ವರ್ಡ್ ಬದಲಿಸಿದೆ. ಎಲ್ಲ ಫೋನು, ಟಿವಿ, ಆ ಬಲ್ಬು ಸಹಿತ ಮತ್ತೆ ಜೋಡಿಸುವಷ್ಟರಲ್ಲಿ ಸೊಂಟ ಬಿತ್ತು. ಮಾವನವರಿಗೆಂದೇ ಬೇರೆ ಪಾಸ್‌ವರ್ಡಿನ ಗೆಸ್ಟ್ ನೆಟ್‌ವರ್ಕ್ ತೆರೆದೆ. ಅದರಲ್ಲಿ ಬಂದವರಿಗೆ ಇಂಟರ್ನೆಟ್ ಸಿಗುತ್ತದೆ, ಮನೆಯ ಬೇರೆ ಸಾಮಾನು ಕಾಣುವುದಿಲ್ಲ. ಯಾರಿಗೆ ಬೇಕಾದರೂ ಹಂಚಲಿ ಅಂತ.

ಮೊದಲು ತಾವೇ ಪರೀಕ್ಷೆ ಮಾಡಿ ನೋಡಿದ್ದಾರೆ. ಈಗ ಹಾಲ್‌ನಿಂದ ಕೂಗು: "ಯವ್ವಾ, ನನ್ನ ಭಜನಿ ಟಿವಿಗಿ ಹೋಗವಲ್ದು, ಏನ್ ಮಾಡಿಟ್ಟಿ?"