'ಅದೇ' ಎಂಬ ಮಹಾಲೇಖಕರು

ಕನ್ನಡ ಸಂಶೋಧನೆಯಲ್ಲಿ ಎಲ್ಲರಿಗಿಂತ ಜಾಸ್ತಿ ಪುಸ್ತಕ ಬರೆದವರ ಹೆಸರು 'ಅದೇ'. ಕವಿಚರಿತೆ ಬರೆದವರು ಅವರೇ, ಛಂದಸ್ಸು ಬರೆದವರು ಅವರೇ, ಜಾನಪದ ಸಂಗ್ರಹಿಸಿದವರೂ ಅವರೇ. ನನ್ನ ಡಿಟಿಪಿ ಅಂಗಡಿಗೆ ಬರುವ ಯಾವ ಪಿಎಚ್‌ಡಿ ಪ್ರಬಂಧ ತೆಗೆದರೂ ಹಿಂದಿನ ಪುಟಗಳಲ್ಲಿ ಅವರ ಹೆಸರು ಇದ್ದೇ ಇರುತ್ತದೆ. ಇಷ್ಟು ವರ್ಷಗಳಲ್ಲಿ ಅವರಿಗೆ ಒಂದು ಪ್ರಶಸ್ತಿಯೂ ಬಂದಿಲ್ಲ ಅನ್ನೋದೇ ಬೇಜಾರು.

ಹೋದ ತಿಂಗಳು ಒಬ್ಬ ಹುಡುಗಿ ಬಂದಳು. ಪ್ರಬಂಧವೆಲ್ಲ ಮುಗಿದಿತ್ತು. ಗ್ರಂಥಋಣ ಒಂದು ಬಾಕಿ. "ಅಣ್ಣಾ, ಲಿಸ್ಟ್ ರೆಡಿ ಇದೆ, ಫೋಟೋ ಕಳಿಸ್ತೀನಿ, ಟೈಪ್ ಮಾಡಿಬಿಡಿ" ಅಂದಳು. ಯಾವ ಲಿಸ್ಟು ಎಂದು ಕೇಳಿದೆ. ಲೈಬ್ರರಿಯಲ್ಲಿದ್ದ ಸೀನಿಯರ್ ಒಬ್ಬರ ಪ್ರಬಂಧದ ಕೊನೆಯ ಪುಟದ ಫೋಟೋವಂತೆ. ಆ ಸೀನಿಯರ್‌ಗೆ ಎಲ್ಲಿಂದ ಬಂತು? ಅವರ ಸೀನಿಯರ್‌ದು. ಓಲೆಗರಿ ಕಾಲದಲ್ಲೂ ಹೀಗೇ ನಡೆಯುತ್ತಿತ್ತು. ಒಬ್ಬ ನೋಡಿ ಬರೆದ, ಇನ್ನೊಬ್ಬ ಅವನದನ್ನು ನೋಡಿ ಬರೆದ. ಆದರೆ ಆಗ ಬರೆಯುವವನು ಕೊನೇಪಕ್ಷ ಪುಸ್ತಕವನ್ನು ಓದುತ್ತಿದ್ದ.

ಜೊತೆಗೆ ವಿಶ್ವವಿದ್ಯಾಲಯದ ಸಮಿತಿಯ ಒಂದು ಸುತ್ತೋಲೆಯೂ ಇತ್ತು. ಗ್ರಂಥಋಣ ಪೂರ್ತಿ 'ಎಪಿಎ ಏಳನೇ ಆವೃತ್ತಿ'ಯಲ್ಲೇ ಇರಬೇಕು, ಏಕರೂಪವಾಗಿರಬೇಕು, ತಪ್ಪಿದರೆ ಪ್ರಬಂಧ ವಾಪಸ್. ಎಪಿಎ ಅಂದರೆ ಅಮೆರಿಕದ ಮನಃಶಾಸ್ತ್ರಜ್ಞರ ಸಂಘ. ಅವರು 1929ರಲ್ಲಿ ಏಳು ಪುಟದ ಒಂದು ಲೇಖನದಲ್ಲಿ ಈ ನಿಯಮಗಳನ್ನು ಶುರು ಮಾಡಿದರು. ವಚನಗಳ ಬಗ್ಗೆ ಬರೆದ ಪ್ರಬಂಧಕ್ಕೂ ಆ ಮನಃಶಾಸ್ತ್ರಜ್ಞರಿಗೂ ಏನು ಸಂಬಂಧ ಎಂದು ಸುತ್ತೋಲೆ ಹೇಳುವುದಿಲ್ಲ. ಅದನ್ನು ಓದಿದ ಮೇಲೆ ಮನಃಶಾಸ್ತ್ರಜ್ಞರು ಬೇಕಾಗುತ್ತಾರೆ ಅನ್ನೋದು ನಿಜ.

ಫೋಟೋ ವಾಟ್ಸಾಪ್‌ನಲ್ಲಿ ಬಂತು. ಮೇಜು, ಅವಳ ಹೆಬ್ಬೆರಳು, ಅರ್ಧ ಲೋಟ ಟೀ, ಇವುಗಳ ನಡುವೆ ಒಂದು ಪುಟ. ಫೋನು ನಾಲ್ಕು ಸಾವಿರ ಚುಕ್ಕೆ ಉದ್ದದ ಚಿತ್ರ ತೆಗೆದಿದ್ದರೂ ವಾಟ್ಸಾಪ್ ಅದನ್ನು ಸುಮಾರು 1600ಕ್ಕೆ ಹಿಂಡಿ ಕಳಿಸಿತ್ತು. ಅದರಲ್ಲಿ ಟೀಗೂ ಮೇಜಿಗೂ ಪಾಲು ಹೋಗಿ, ಅಕ್ಷರಕ್ಕೆ ಉಳಿದದ್ದು ಅಷ್ಟಕ್ಕಷ್ಟೇ. ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಇಂಚಿಗೆ ಮುನ್ನೂರು ಚುಕ್ಕೆಯಾದರೂ ಬೇಕು. ಇದು ನೂರೈವತ್ತೂ ಮುಟ್ಟಿರಲಿಲ್ಲ. "ಡಾಕ್ಯುಮೆಂಟ್ ಅಂತ ಕಳಿಸಮ್ಮ, ಫೋಟೋ ಅಂತ ಕಳಿಸ್ಬೇಡ" ಎಂದೆ. ಆಗ ಮೂಲ ಚಿತ್ರ ಬಂತು. ಸಮಿತಿಗೆ ಒಂದು ಸುತ್ತೋಲೆ ಹೊರಡಿಸಲೇಬೇಕು ಅಂತಿದ್ದರೆ ಈ ಒಂದು ಸಾಲು ಸಾಕಿತ್ತು.

ಆಮೇಲೆ ಟೆಸರಾಕ್ಟ್ ಎಂಬ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟೆ:

```
tesseract puta.jpg patti -l kan+eng --psm 4
```

`kan` ಕನ್ನಡಕ್ಕೆ, `eng` ನಡುನಡುವೆ ಬರುವ ಇಂಗ್ಲಿಷ್ ಪುಸ್ತಕಗಳಿಗೆ. ಕೊನೆಯ 4 ಇದೆಯಲ್ಲ, ಅದು ಪುಟವನ್ನು ಒಂದೇ ಕಾಲಂ ಎಂದು ಓದು ಅಂತ ಹೇಳುತ್ತದೆ. ನಿಮಿಷದೊಳಗೆ ಪಟ್ಟಿ ಬಂತು. ಅದರಲ್ಲಿ ಕನ್ನಡದ ಮೊದಲ ಜ್ಞಾನಪೀಠ ಪುರಸ್ಕೃತರ ಹೆಸರು 'ಪುಟಪ' ಎಂದಿತ್ತು.

ತಂತ್ರಾಂಶವನ್ನು ಬಯ್ಯಬೇಡಿ. ಅವಳು ದಪ್ಪ ಪುಸ್ತಕವನ್ನು ಬಿಚ್ಚಿ ಹಾಗೇ ಕ್ಲಿಕ್ ಮಾಡಿದ್ದಳು. ಬೆನ್ನಿನ ಹತ್ತಿರ ಪುಟ ಬಾಗಿತ್ತು, ಸಾಲೂ ಬಾಗಿತ್ತು. ಇಂಗ್ಲಿಷ್ ಆಗಿದ್ದರೆ ಹೇಗೋ ದಾಟಿ ಹೋಗುತ್ತಿತ್ತು. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ನೇತಾಡುತ್ತದಲ್ಲ! ಸಾಲು ಬಾಗಿದಾಗ ತಂತ್ರಾಂಶ ಗೆರೆಯನ್ನು ತಪ್ಪಾದ ಕಡೆ ಕತ್ತರಿಸುತ್ತದೆ. ಒತ್ತು ಮೇಲಿನ ಸಾಲಿನಿಂದ ಕಳಚಿಕೊಂಡು ಕೆಳಗಿನ ಸಾಲಿನ ತಲೆಯ ಮೇಲೆ ಕೂರುತ್ತದೆ. ಹಾಗಾಗಿ ಪುಟ್ಟಪ್ಪನವರು ಪುಟಪ ಆದರು. ಅವರ ಎರಡು ಒತ್ತುಗಳು ಕೆಳಗಿನ ಸಾಲಿನಲ್ಲಿ ಯಾರೋ ಪಾಪದವರ ಮೇಲೆ ಹೇರಿಕೊಂಡವು. ಪುಟದ ಮೇಲೆ ಒಂದು ಗಾಜಿನ ಹಾಳೆ ಇಟ್ಟು, ಫ್ಲ್ಯಾಶ್ ಆರಿಸಿ, ಕಿಟಕಿಯ ಬೆಳಕಲ್ಲಿ ನೇರ ಮೇಲಿನಿಂದ ತೆಗೆದರೆ ಇದು ಮುಕ್ಕಾಲುಪಾಲು ಸರಿಹೋಗುತ್ತದೆ. ಹೋಗಿ ಹಾಗೆ ತೆಗೆದುಕೊಂಡು ಬಂದಳು. ಲೈಬ್ರರಿಯಲ್ಲಿ ಗಾಜು ಕೇಳಿದ್ದಕ್ಕೆ ಗ್ರಂಥಪಾಲಕರು ಅರ್ಜಿ ಬರೆದುಕೊಡಿ ಅಂದರಂತೆ. ಅವಳು ಊಟದ ಡಬ್ಬಿಯ ಪಾರದರ್ಶಕ ಮುಚ್ಚಳ ಬಳಸಿದಳು. ಇದಕ್ಕೆ ಪಿಎಚ್‌ಡಿ ಕೊಡಬಹುದಿತ್ತು.

ಈಗ ಅಕ್ಷರ ಸರಿಯಾಯಿತು. ಅಂಕಿ ಉಳಿಯಿತು. ಮೂರು ನಮೂದು ತೋರಿಸುತ್ತೇನೆ. ಪುಟದಲ್ಲಿ ಇದ್ದದ್ದು ಹೀಗೆ:

೧೨. ನರಸಿಂಹಾಚಾರ್ಯ ಆರ್., ಕರ್ನಾಟಕ ಕವಿಚರಿತೆ, ಸಂ. ೧, ೧೯೦೭
೧೩. ಅದೇ, ಸಂ. ೨, ೧೯೧೯
೧೪. ಅದೇ, ಸಂ. ೩, ೧೯೨೯

ಹದಿಮೂರನೆಯದು ಪರದೆಯ ಮೇಲೆ ಬಂದದ್ದು 'ಅದೇ, ಸಂ. ೨, ೧೬೧೬'. ಮಸುಕು ಮುದ್ರಣದಲ್ಲಿ ೯ಕ್ಕೂ ೬ಕ್ಕೂ ನಡುವೆ ಇರುವುದು ಒಂದು ಬಾಲದ ತಿರುವು ಮಾತ್ರ. ಆ ತಿರುವು ಹೋದದ್ದಕ್ಕೆ ಪುಸ್ತಕ ಮುನ್ನೂರು ವರ್ಷ ಹಿಂದೆ ಹೋಗಿ, ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆಳುತ್ತಿದ್ದ ಕಾಲಕ್ಕೆ ಬಿತ್ತು. ಆಗ ಕನ್ನಡಕ್ಕೆ ಅಚ್ಚಿನ ಮೊಳೆ ಬರಲು ಇನ್ನೂ ಇನ್ನೂರು ವರ್ಷ ಬೇಕಿತ್ತು. ಈ ತಪ್ಪನ್ನು ಹಿಡಿಯುವುದು ಸುಲಭ. 1800ಕ್ಕಿಂತ ಹಿಂದಿನ ಇಸವಿ ಕಂಡರೆ ಅನುಮಾನಪಡಿ, ಸಂಪುಟದ ಅಂಕಿ ಏರುವಾಗ ಇಸವಿ ಇಳಿದರೆ ಇನ್ನೂ ಜಾಸ್ತಿ ಅನುಮಾನಪಡಿ. ಕಷ್ಟ ಇರುವುದು ೧೯೬೬ ಇದ್ದದ್ದು ೧೯೯೬ ಆದಾಗ. ಎರಡೂ ನಂಬುವಂತೆಯೇ ಇರುತ್ತವೆ. ಅದಕ್ಕೆ ಪುಸ್ತಕವನ್ನೇ ಕಪಾಟಿನಿಂದ ಇಳಿಸಿ ಮೂರನೇ ಪುಟ ನೋಡಬೇಕು. "ಪುಸ್ತಕ ನೋಡಿದ್ದೀಯಾ?" ಎಂದೆ. ಹುಡುಗಿ ನನ್ನನ್ನು ಬೇರೆ ಊರಿನವನನ್ನು ನೋಡುವಂತೆ ನೋಡಿದಳು.

ಇನ್ನು 'ಸಂ.' ಎಂಬ ಮಾಯಾವಿ. ಅದು ಸಂಪುಟವೂ ಹೌದು, ಸಂಪಾದಕರೂ ಹೌದು, ಪತ್ರಿಕೆಯಾದರೆ ಸಂಚಿಕೆಯೂ ಹೌದು. ಅದೇ ಪಟ್ಟಿಯಲ್ಲಿ ಒಂದು ಕಡೆ 'ಸಂ. ೪, ಸಂ. ೨' ಎಂದಿತ್ತು. ನಾಲ್ಕನೇ ಸಂಪುಟದ ಎರಡನೇ ಸಂಚಿಕೆ ಎಂದು ನಾವು ಓದುತ್ತೇವೆ. ಅವಳ ಗೆಳತಿ ಮೊದಲು ಮಾಡಿಕೊಟ್ಟ ಪಟ್ಟಿಯಲ್ಲಿ 'ಸಂ. ಎಂದರೆ ಸಂಪಾದಕ' ಎಂದು ಒಂದೇ ಏಟಿಗೆ ಬದಲಿಸಿದ್ದರು. ಆಗ ಕವಿಚರಿತೆಗೆ ಒಬ್ಬ, ಇಬ್ಬರು, ಮೂವರು ಸಂಪಾದಕರು ಕ್ರಮವಾಗಿ ಬಂದು ಕೂತರು. ಏಕರೂಪ ಮಾತ್ರ ಬಹಳ ಚೆನ್ನಾಗಿತ್ತು.

ನಾನು ಮಾಡುವುದು ಇಷ್ಟು. ಮೊದಲು ಪುಟದ ಕ್ರಮಸಂಖ್ಯೆ ಎಷ್ಟಿದೆ, ಪಟ್ಟಿಯಲ್ಲಿ ಎಷ್ಟು ಬಂದಿದೆ ಎಂದು ಎಣಿಸುತ್ತೇನೆ. ಇಲ್ಲಿ ಪುಟದಲ್ಲಿ 23 ಇದ್ದವು, ಬಂದದ್ದು 22. ಎರಡು ಸಾಲಿಗೆ ಹರಿದಿದ್ದ ಒಂದು ನಮೂದು ಪಕ್ಕದವರ ಜೊತೆ ಸೇರಿಕೊಂಡಿತ್ತು. ಆಮೇಲೆ ಒಂದೊಂದನ್ನೂ ಎಕ್ಸೆಲ್‌ನಲ್ಲಿ ನಾಲ್ಕು ಕಾಲಂಗೆ ಒಡೆಯುತ್ತೇನೆ: ಲೇಖಕ, ಇಸವಿ, ಶೀರ್ಷಿಕೆ, ಪ್ರಕಾಶಕ. 'ಅದೇ' ಇದ್ದಲ್ಲೆಲ್ಲ ಪೂರ್ತಿ ಹೆಸರು ತುಂಬುತ್ತೇನೆ, ಏಕೆಂದರೆ ಎಪಿಎ ಪಟ್ಟಿಯಲ್ಲಿ ಒಬ್ಬರೇ ಲೇಖಕರ ಹತ್ತು ಪುಸ್ತಕವಿದ್ದರೆ ಹತ್ತು ಸಲವೂ ಹೆಸರು ಬರೆಯಬೇಕು. ಕೊನೆಗೆ ಐದನೇ ಕಾಲಂನಲ್ಲಿ ಇದನ್ನು ಹಾಕಿ ಕೆಳಗೆ ಎಳೆಯುತ್ತೇನೆ:

```
=A2&" ("&B2&"). "&C2&"."&IF(D2="",""," "&D2&".")
```

ಕವಿಚರಿತೆಯ ಎರಡನೆಯದು 'ನರಸಿಂಹಾಚಾರ್ಯ, ಆರ್. (1919). ಕರ್ನಾಟಕ ಕವಿಚರಿತೆ (ಸಂಪುಟ 2).' ಎಂದು ಕೂತಿತು. ಪ್ರಕಾಶಕರ ಹೆಸರು ಫೋಟೋದಲ್ಲೂ ಇರಲಿಲ್ಲ, ಆದ್ದರಿಂದ ನಾಲ್ಕನೇ ಖಾನೆ ಖಾಲಿ. ಅದಕ್ಕೆ ಹಳದಿ ಬಣ್ಣ ಬಳಿದು ಇಟ್ಟೆ. ಸಮಿತಿ ಸುತ್ತೋಲೆ ಹೊರಡಿಸಿ, ಕಾರ್ಯಾಗಾರ ನಡೆಸಿ, ಮಧ್ಯಾಹ್ನ ಪುಳಿಯೋಗರೆ ಕೊಟ್ಟು ಸಾಧಿಸಲು ಹೊರಟ ಏಕರೂಪತೆ ಈ ಒಂದು ಸಾಲು. ಎಳೆಯಲು ಎರಡು ಸೆಕೆಂಡು. ಖಾನೆಯೊಳಗೆ ಇರುವುದು ನಿಜವೋ ಸುಳ್ಳೋ ನೋಡಲು ಮೂರು ದಿನ. ಸಮಿತಿ ಪರೀಕ್ಷಿಸುವುದು ಎರಡು ಸೆಕೆಂಡಿನ ಭಾಗವನ್ನು.

ಅವರು ಇನ್ನೊಂದನ್ನೂ ನೋಡುತ್ತಾರೆ, ಹೆಸರು ತಿರುಗಿಸಿದ್ದಾರೋ ಇಲ್ಲವೋ ಅಂತ. 'ಮನೆತನದ ಹೆಸರು ಮೊದಲು, ಉಳಿದದ್ದು ಇನಿಷಿಯಲ್' ಎಂದು ಸುತ್ತೋಲೆ ಹೇಳುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಈ ಯಂತ್ರದೊಳಗೆ ಹೋಗಿ 'ಅಯ್ಯಂಗಾರ್, ಎಂ. ವಿ.' ಆಗಿ ಹೊರಬಿದ್ದರು. ಊರಿನ ಹೆಸರು ಒಂದು ಅಕ್ಷರ, ಅವರ ಸ್ವಂತ ಹೆಸರು ಒಂದು ಅಕ್ಷರ, ಪೂರ್ತಿಯಾಗಿ ಉಳಿದದ್ದು ಜಾತಿ. ಅಕಾರಾದಿಯಲ್ಲಿ 'ಮ'ದಿಂದ ಎದ್ದು 'ಅ'ಕ್ಕೆ ಹೋಗಿ ಕೂತರು. ಇನ್ನು 'ಮಾಸ್ತಿ' ಎಂದು ಹುಡುಕುವವರಿಗೆ ಅವರು ಸಿಗುವುದೇ ಇಲ್ಲ. ಕುವೆಂಪು ಎರಡು ಹೋಳಾದರು: ಒಂದು ಕಡೆ 'ಕುವೆಂಪು', ಇನ್ನೊಂದು ಕಡೆ 'ಪುಟ್ಟಪ್ಪ, ಕೆ. ವಿ.'. ಕೆ ಅಂದರೆ ಕುಪ್ಪಳಿ, ಅದು ಊರು. ವಿ ಅಂದರೆ ವೆಂಕಟಪ್ಪ, ಅದು ತಂದೆ. ಮನೆತನದ ಹೆಸರು ಎಲ್ಲಿದೆ ಎಂದು ಸಮಿತಿಯವರನ್ನೇ ಕೇಳಬೇಕು.

ಇಲ್ಲಿ ಅಮೆರಿಕದವರ ತಪ್ಪೇನೂ ಇಲ್ಲ. ಪುಸ್ತಕದ ಮೇಲೆ ಲೇಖಕರ ಹೆಸರು ಹೇಗಿದೆಯೋ ಅದನ್ನೇ ಆಧಾರ ಮಾಡಿಕೊಳ್ಳಿ, ಹೆಸರು ಒಂದೇ ಪದದ್ದಾದರೆ ಅದನ್ನೇ ಪೂರ್ತಿ ಬರೆಯಿರಿ ಎಂದು ಅವರೇ ಹೇಳುತ್ತಾರೆ. 'ಕುವೆಂಪು. (1949).' ಎಂದು ಬರೆದರೆ ಆ ಮನಃಶಾಸ್ತ್ರಜ್ಞರು ತಕರಾರು ತೆಗೆಯುವುದಿಲ್ಲ. ತಕರಾರು ನಮ್ಮದೇ. ಏಳನೇ ಆವೃತ್ತಿ 2019ರಲ್ಲಿ ಪ್ರಕಟಣೆಯ ಊರನ್ನು ಪಟ್ಟಿಯಿಂದ ಕೈಬಿಟ್ಟಿತು. ನಮ್ಮ ಸುತ್ತೋಲೆ ಏಳನೇ ಆವೃತ್ತಿಯೂ ಬೇಕು, ಊರೂ ಬೇಕು ಅನ್ನುತ್ತದೆ. ಶೀರ್ಷಿಕೆ ಓರೆ ಅಕ್ಷರದಲ್ಲಿ ಬೇಕಂತೆ. ಕನ್ನಡ ಅಕ್ಷರವನ್ನು ಕಂಪ್ಯೂಟರ್ ಓರೆ ಮಾಡಿದರೆ ಬಸ್ಸು ತಿರುವಿನಲ್ಲಿ ನಿಂತ ಪ್ರಯಾಣಿಕರ ಹಾಗೆ ಕಾಣುತ್ತದೆ. ಅದನ್ನೂ ಮಾಡಿಕೊಟ್ಟೆ.

ಹಳದಿ ಬಳಿದ ಖಾನೆಗಳು ಒಂಬತ್ತು ಇದ್ದವು. ಹುಡುಗಿ ಒಳ್ಳೆಯವಳು. ಎರಡು ದಿನ ಲೈಬ್ರರಿಯಲ್ಲಿ ಕೂತು ಏಳು ಪುಸ್ತಕ ಹುಡುಕಿದಳು. ಉಳಿದ ಎರಡು ಪುಸ್ತಕ ಯಾವ ಸೂಚಿಯಲ್ಲೂ ಇರಲಿಲ್ಲ. ಸೀನಿಯರ್‌ಗೆ ಫೋನ್ ಮಾಡಿದಳು. "ಅವು ನಂಗೂ ಸಿಗಲಿಲ್ಲಮ್ಮ, ಸುಮ್ನೆ ಇರಲಿ ಅಂತ ಬಿಟ್ಟೆ" ಅಂದರಂತೆ. ಅವಳು ಅವೆರಡನ್ನೂ ತೆಗೆದುಹಾಕಿದಳು. 23 ಇದ್ದದ್ದು 21 ಆಯಿತು. ಪ್ರಿಂಟ್, ಬೈಂಡಿಂಗ್, ಸುವರ್ಣಾಕ್ಷರ, ಎಲ್ಲ ಮುಗಿಸಿ ಕಳಿಸಿದೆ.

ಹದಿನೈದು ದಿನಕ್ಕೆ ವಾಪಸ್ ಬಂದಳು. ಗ್ರಂಥಋಣದ ಪುಟದ ಮೇಲೆ ಕೆಂಪು ಶಾಯಿಯಲ್ಲಿ ಎರಡು ಶರಾ. ಒಂದು: 'ಹಿಂದಿನ ಪ್ರಬಂಧಕ್ಕೆ ಹೋಲಿಸಿದರೆ ಎರಡು ಗ್ರಂಥಗಳು ಕಡಿಮೆ ಇವೆ, ಸೇರಿಸಿ.' ಇನ್ನೊಂದು ನರಸಿಂಹಾಚಾರ್ಯರ ಮೂರು ಸಾಲುಗಳ ಪಕ್ಕದಲ್ಲಿತ್ತು: 'ಒಂದೇ ಹೆಸರು ಪದೇ ಪದೇ ಬಂದಿದೆ. ಅದೇ ಎಂದು ಹಾಕಿ.'

"ಏನ್ ಮಾಡೋದಣ್ಣಾ?" ಅಂದಳು.

ಕಂಪ್ಯೂಟರ್ ಆನ್ ಮಾಡಿದೆ.